ಗಾಮಾ ಜಾಸ್ತಿ ಮಾಡಿದ್ರೆ ಬೇಗ ಕಲಿಯುತ್ತಾ?

ನಾಲ್ಕನೇ ಸೆಮಿಸ್ಟರ್‌ನ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಯಾವ ಲೆಕ್ಕ ತೆಗೆದರೂ ಮೊದಲ ಸಾಲು ಹೆಚ್ಚುಕಮ್ಮಿ ಒಂದೇ: ಪ್ಲಾಂಟ್‌ನ ಟ್ರಾನ್ಸ್‌ಫರ್ ಫಂಕ್ಷನ್ ಇಂತಿಷ್ಟು ಎಂದು ಕೊಟ್ಟಿದೆ. ಯಾರು ಕೊಟ್ಟರು, ನಾಳೆಯೂ ಅದು ಹಾಗೇ ಇರುತ್ತಾ ಅಂತ ನಾವು ಕೇಳೋದಿಲ್ಲ. ಆದರೆ ವಿಮಾನದವರು ಕೇಳಲೇಬೇಕಾಯಿತು. ವಿಮಾನದ ಬಾಲದಲ್ಲಿರುವ ಎಲಿವೇಟರ್ ಒಂದು ಡಿಗ್ರಿ ತಿರುಗಿದರೆ ಮೂತಿ ಎಷ್ಟು ಏಳುತ್ತದೆ ಅನ್ನೋದು ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗದ ಮೇಲೆ ನಿಂತಿದೆ. ಕೆಳಗೆ ದಟ್ಟ ಗಾಳಿಯಲ್ಲಿ ಜೋರಾಗಿ ಹೋಗುವಾಗ ಸ್ವಲ್ಪ ತಿರುಗಿಸಿದರೂ ಸಾಕು. ಮೇಲೆ ತೆಳು ಗಾಳಿಯಲ್ಲಿ ಅಷ್ಟೇ ತಿರುಗಿಸಿದರೆ ಏನೂ ಆಗೋದಿಲ್ಲ. ಅಂದರೆ ಪ್ಲಾಂಟ್‌ನ ಗೇನ್ ಹಾರಾಟದ ನಡುವೆಯೇ ಹಲವು ಪಟ್ಟು ಬದಲಾಗುತ್ತದೆ.

ಇದಕ್ಕೆ 1958ರಲ್ಲಿ ವಿಟೇಕರ್ ಮತ್ತು ಜೊತೆಗಾರರು ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿಯಲ್ಲಿ ಒಂದು ಉಪಾಯ ಕೊಟ್ಟರು. (ಎಂಐಟಿ ಅಂದರೆ ಮಣಿಪಾಲದ್ದಲ್ಲ, ಅಮೆರಿಕದ್ದು. ನಮ್ಮ ಕ್ಲಬ್ಬಿನಲ್ಲಿ ಈ ಪ್ರಶ್ನೆ ಬಂದಿತ್ತು, ಅದಕ್ಕೆ ಹೇಳಿದ್ವಿ.) ಉಪಾಯ ಹೀಗಿದೆ. ನಮಗೆ ಸಿಸ್ಟಮ್ ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊಳ್ಳುವ ಒಂದು ಮಾದರಿಯನ್ನು ಪಕ್ಕದಲ್ಲೇ ಓಡಿಸಿ. ಪ್ಲಾಂಟಿಗೆ ಕೊಟ್ಟ ಆಜ್ಞೆಯನ್ನೇ ಮಾದರಿಗೂ ಕೊಡಿ. ಎರಡರ ಔಟ್‌ಪುಟ್‌ನ ವ್ಯತ್ಯಾಸ ನೋಡಿ, ಆ ವ್ಯತ್ಯಾಸ ಕಡಿಮೆಯಾಗುವ ದಿಕ್ಕಿನಲ್ಲಿ ಕಂಟ್ರೋಲರ್‌ನ ನಿಯತಾಂಕವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಇದೇ ಮಾಡೆಲ್ ರೆಫರೆನ್ಸ್ ಅಡಾಪ್ಟಿವ್ ಕಂಟ್ರೋಲ್. ತಿರುಗಿಸುವ ಸೂತ್ರಕ್ಕೆ ಇವತ್ತಿಗೂ ಎಂಐಟಿ ರೂಲ್ ಅಂತಲೇ ಹೆಸರು.

ಮೇಲಿನ ವಾಕ್ಯದಲ್ಲಿ "ನಿಧಾನವಾಗಿ" ಅನ್ನೋ ಪದ ಸುಮ್ಮನೆ ಬಂದದ್ದಲ್ಲ. ಈ ಲೇಖನ ಪೂರ್ತಿ ಆ ಒಂದು ಪದದ ಬಗ್ಗೆಯೇ.

ಅತಿ ಸರಳವಾದ ಒಂದೇ ಒಂದು ಉದಾಹರಣೆ ತಗೊಳ್ಳೋಣ. ಪ್ಲಾಂಟ್ `k·G(s)`. ಇದರಲ್ಲಿ `G(s)` ನಮಗೆ ಗೊತ್ತು, `k` ಗೊತ್ತಿಲ್ಲ. ವಿಮಾನದ ಎಲಿವೇಟರ್‌ನ ಕಥೆಯೂ ಇದೇ, ಗೇನ್ ಮಾತ್ರ ಅಪರಿಚಿತ. ಮಾದರಿ `k0·G(s)`, ಇಲ್ಲಿ `k0` ನಾವೇ ಆರಿಸಿದ ಗೇನ್. ಕಂಟ್ರೋಲರ್ ಅಂದರೆ ಒಂದೇ ಒಂದು ನಾಬ್: ಆಜ್ಞೆ `uc` ಬಂದರೆ ಅದನ್ನು `θ`ದಿಂದ ಗುಣಿಸಿ ಪ್ಲಾಂಟಿಗೆ ಕಳಿಸುವುದು, `u = θ·uc`. ಸರಿಯಾದ ಉತ್ತರ ಕಾಗದದ ಮೇಲೆ ತಕ್ಷಣ ಗೊತ್ತಾಗುತ್ತದೆ, `θ = k0/k`. ಆದರೆ `k` ಗೊತ್ತಿಲ್ಲವಲ್ಲ, ಹಾಗಾಗಿ ಕಂಟ್ರೋಲರ್ ಅದನ್ನು ತಾನೇ ಹುಡುಕಿಕೊಳ್ಳಬೇಕು.

ಪ್ಲಾಂಟ್ ಔಟ್‌ಪುಟ್ `y`, ಮಾದರಿಯದ್ದು `ym`, ತಪ್ಪು `e = y − ym`. ತಪ್ಪಿನ ಬೆಲೆ `J = e²/2` ಅಂತ ಇಟ್ಟುಕೊಳ್ಳೋಣ. ಇಳಿಜಾರಿನ ವಿರುದ್ಧ ದಿಕ್ಕಿಗೆ ಹೆಜ್ಜೆ ಹಾಕಿದರೆ ಬೆಲೆ ಇಳಿಯುತ್ತದೆ, ಆದ್ದರಿಂದ

```
dθ/dt = −γ · dJ/dθ = −γ · e · (∂e/∂θ)
```

ಗಾಮಾ (`γ`) ಅನ್ನೋದೇ ಅಡಾಪ್ಟೇಶನ್ ಗೇನ್, ಅಂದರೆ ಕಲಿಯುವ ವೇಗ. ಇನ್ನು `∂e/∂θ` ಎಷ್ಟು? `e = k·G·(θ·uc) − k0·G·uc`. ಇಲ್ಲಿ `θ`ವನ್ನು `G`ದ ಹೊರಗೆ ತಂದುಬಿಟ್ಟರೆ `∂e/∂θ = k·G·uc`, ಅದು `(k/k0)·ym`ಗೆ ಸಮ. ಗೊತ್ತಿಲ್ಲದ `k/k0`ವನ್ನು ಗಾಮಾದೊಳಗೆ ಸೇರಿಸಿಕೊಂಡರೆ ಸೂತ್ರ ಇಷ್ಟೇ ಉಳಿಯುತ್ತದೆ:

```
dθ/dt = −γ · ym · e
```

ಚಿಹ್ನೆ ಸರಿ ಇದೆಯಾ ಅಂತ ಬಾಯಿಲೆಕ್ಕದಲ್ಲೇ ನೋಡಬಹುದು. `ym` ಧನ, `y` ಅದಕ್ಕಿಂತ ಕಡಿಮೆ ಅಂದರೆ `e` ಋಣ. ಆಗ `dθ/dt` ಧನ, ನಾಬ್ ಏರುತ್ತದೆ, ಪ್ಲಾಂಟಿಗೆ ಹೆಚ್ಚು ಸಿಗುತ್ತದೆ. ಸರಿಯಾಗಿದೆ. ಇದರ ಹಿಂದೆ `k` ಧನ ಅನ್ನೋ ನಂಬಿಕೆ ಇದೆ ಅನ್ನೋದನ್ನೂ ಗಮನಿಸಿ. ಮೋಟರ್‌ನ ವೈರ್ ಉಲ್ಟಾ ಹಾಕಿ `k` ಋಣ ಆದರೆ ಯಾವ ಗಾಮಾ ಇಟ್ಟರೂ ಇದು ಓಡಿಹೋಗುತ್ತದೆ.

ಈಗ ಮುಖ್ಯ ವಿಷಯ. "`θ`ವನ್ನು `G`ದ ಹೊರಗೆ ತಂದುಬಿಟ್ಟರೆ" ಅಂತ ಒಂದು ಮಾತು ಹೇಳಿ ಮುಂದೆ ಬಂದ್ವಿ ನೋಡಿ, ಅಲ್ಲೇ ಎಲ್ಲ ಇದೆ. `G` ಅಂದರೆ ಒಂದು ಡೈನಮಿಕ್ ಸಿಸ್ಟಮ್, ಅದಕ್ಕೆ ನೆನಪಿದೆ, ತಡ ಇದೆ. `θ` ಸ್ಥಿರವಾಗಿದ್ದರೆ ಮಾತ್ರ ಅದನ್ನು ಹೊರಗೆ ತರಬಹುದು. `θ` ತಾನೇ ಬದಲಾಗ್ತಾ ಇದ್ದರೆ `G`ಯನ್ನು ಗುಣಲಬ್ಧದ ಮೇಲೆ ಓಡಿಸಿದ್ದಕ್ಕೂ, ಓಡಿಸಿದ ಮೇಲೆ ಗುಣಿಸಿದ್ದಕ್ಕೂ ವ್ಯತ್ಯಾಸ ಬರುತ್ತದೆ. ಅಂದರೆ ಸೂತ್ರವನ್ನು ಪಡೆಯುವಾಗಲೇ ನಾವು "`θ` ನಿಧಾನವಾಗಿ ಬದಲಾಗುತ್ತದೆ, `G`ಗೆ ಹೋಲಿಸಿದರೆ ನಿಂತ ಹಾಗೇ ಇದೆ" ಅಂತ ಒಪ್ಪಿಕೊಂಡಿದ್ದೇವೆ. ಆಮೇಲೆ ಗಾಮಾ ಜಾಸ್ತಿ ಇಟ್ಟು `θ`ವನ್ನು ಓಡಿಸಿದರೆ, ಆ ಇಳಿಜಾರು ಇನ್ನು ನಿಜವಾದ ಇಳಿಜಾರೇ ಅಲ್ಲ. ಕೆಳಗೆ ಇಳಿಯುತ್ತಿದ್ದೇವೆ ಅಂದುಕೊಂಡು ಬೇರೆ ಎಲ್ಲಿಗೋ ಹೋಗುತ್ತೇವೆ.

ಮಾತಿನಲ್ಲಿ ಹೇಳಿದ್ದು ಸಾಕು, ಸಂಖ್ಯೆ ಹಾಕೋಣ. `G(s) = 1/(s²+s+1)`, `k = 2`, `k0 = 1`. ಆಜ್ಞೆ `u0` ಎತ್ತರದ ಸ್ಟೆಪ್. ಮಾದರಿ ಕೆಲವು ಸೆಕೆಂಡುಗಳಲ್ಲಿ `ym = k0·u0`ನಲ್ಲಿ ನೆಲೆಗೊಳ್ಳುತ್ತದೆ. ಅಲ್ಲಿಂದ ಮುಂದೆ ಪೂರ್ತಿ ವ್ಯವಸ್ಥೆ ಲೀನಿಯರ್, ಆದ್ದರಿಂದ ನಮಗೆ ಗೊತ್ತಿರುವ ಲಾಪ್ಲಾಸ್ ಸಾಕು. `θ` ಬದಲಾದರೆ `y` ಹೇಗೆ ಬದಲಾಗುತ್ತದೆ ಅನ್ನೋ ಒಂದು ಸಮೀಕರಣ, `y` ಬದಲಾದರೆ `θ` ಹೇಗೆ ಬದಲಾಗುತ್ತದೆ ಅನ್ನೋ ಇನ್ನೊಂದು. ಎರಡನ್ನೂ ಸೇರಿಸಿದರೆ ಕ್ಯಾರಕ್ಟರಿಸ್ಟಿಕ್ ಸಮೀಕರಣ:

```
s³ + s² + s + μ = 0,     μ = γ · k · k0 · u0²
```

ರೌತ್ ಟೇಬಲ್ ಬರೆಯಲು ಎರಡು ನಿಮಿಷ ಸಾಕು. `μ` ಸೊನ್ನೆಗಿಂತ ಹೆಚ್ಚು, 1ಕ್ಕಿಂತ ಕಡಿಮೆ ಇದ್ದರೆ ಸ್ಥಿರ. `μ = 1` ಆದಾಗ ಸಮೀಕರಣ `(s+1)(s²+1)` ಆಗಿ ಒಡೆಯುತ್ತದೆ, ಅಂದರೆ ಸೆಕೆಂಡಿಗೆ 1 ರೇಡಿಯನ್ ವೇಗದ, 6.28 ಸೆಕೆಂಡ್ ಅವಧಿಯ, ನಿಲ್ಲದ ಜೋಕಾಲಿ. `u0 = 1`ಕ್ಕೆ `μ = 2γ`, ಹಾಗಾಗಿ ಗಾಮಾ 0.5 ದಾಟಬಾರದು.

ಜೋಕಾಲಿ ಯಾಕೆ ಬರುತ್ತದೆ ಅನ್ನೋದಕ್ಕೆ ಹಾಸ್ಟೆಲ್ ಬಾತ್‌ರೂಮಿನ ಗೀಸರ್ ನಲ್ಲಿ ಒಳ್ಳೆಯ ಉದಾಹರಣೆ. ನೀರು ತಣ್ಣಗಿದೆ ಅಂತ ಬಿಸಿನೀರಿನ ನಲ್ಲಿ ತಿರುಗಿಸ್ತೀರಿ, ಬಿಸಿ ಪೈಪಿನಲ್ಲಿ ಬರೋಕೆ ಹೊತ್ತು ಹಿಡಿಯುತ್ತದೆ, ಬರಲಿಲ್ಲ ಅಂತ ಇನ್ನೂ ತಿರುಗಿಸ್ತೀರಿ. ಬಂದಾಗ ಮೈ ಸುಡುತ್ತದೆ. `θ`ವೂ ಹಾಗೇ. ತಾನು ಮಾಡಿದ ಬದಲಾವಣೆ `G` ಮೂಲಕ ಹಾದು `e`ಯಲ್ಲಿ ಕಾಣಿಸಿಕೊಳ್ಳುವ ಮೊದಲೇ, ಹಳೇ ತಪ್ಪನ್ನು ನೋಡಿಕೊಂಡು ಇನ್ನಷ್ಟು ತಿರುಗುತ್ತದೆ. ಫೇಸ್ ಲೆಕ್ಕದಲ್ಲಿ ಹೇಳೋದಾದರೆ, `θ` ಒಂದು ಇಂಟಗ್ರೇಟರ್, ಅದು 90 ಡಿಗ್ರಿ ಹಿಂದೆ ಬೀಳುತ್ತದೆ. 1 ರೇಡಿಯನ್‌ನಲ್ಲಿ ನಮ್ಮ `G` ಇನ್ನೊಂದು 90 ಡಿಗ್ರಿ. ಒಟ್ಟು 180, ತಿದ್ದುಪಡಿ ತಿರುಗಿ ತಪ್ಪಿಗೇ ಸೇರಿಕೊಳ್ಳುತ್ತದೆ.

ಸ್ಥಿರತೆಯ ಗೆರೆ ದಾಟದಿದ್ದರೆ ಸಾಕು, ಅದರೊಳಗೆ ಎಷ್ಟು ಜಾಸ್ತಿ ಇಟ್ಟರೆ ಅಷ್ಟು ಬೇಗ ಕಲಿಯುತ್ತದೆ ಅಂತ ಅನ್ನಿಸೋದು ಸಹಜ. ಹಾಗಾಗೋದಿಲ್ಲ. ಈ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ಭಾಗ. `u0 = 1` ಇಟ್ಟು ಮೂರು ಗಾಮಾಗಳಿಗೆ ಮೂಲಗಳನ್ನು ಹುಡುಕಿ, ಎಲ್ಲಕ್ಕಿಂತ ನಿಧಾನವಾದ ಮೂಲದ ಟೈಮ್ ಕಾನ್‌ಸ್ಟಂಟ್ ನೋಡಿ. ಗಾಮಾ 0.01 ಇದ್ದರೆ ಸುಮಾರು 49 ಸೆಕೆಂಡ್. ಒಂದು ಸಣ್ಣ ಗೇನ್ ಹೊಂದಿಸಿಕೊಳ್ಳೋಕೆ ಮೂರು ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ `k` ಬೇರೆ ಆಗಿಹೋಗಿದ್ದರೆ ಕಂಟ್ರೋಲರ್ ಯಾವಾಗಲೂ ಹಳೇ ಪಾಠವನ್ನೇ ಒಪ್ಪಿಸುತ್ತಿರುತ್ತದೆ. ಗಾಮಾ 0.1 ಮಾಡಿದರೆ ಸುಮಾರು 4 ಸೆಕೆಂಡ್, ತುಂಬಾ ಚೆನ್ನಾಗಿದೆ. ಹಾಗಾದರೆ 0.45 ಇಡೋಣ, ಮಿತಿ 0.5ರ ಒಳಗೇ ಇದೆಯಲ್ಲ? ಈಗ ಬರುವುದು ಸುಮಾರು 38 ಸೆಕೆಂಡ್! ಮೂಲಗಳು `−0.947` ಮತ್ತು `−0.026 ± 0.974j`. ನಾಬ್ ಸರಿಯಾದ ಜಾಗವನ್ನು ಬೇಗನೇ ಮುಟ್ಟುತ್ತದೆ, ಆದರೆ ನಿಲ್ಲೋದಿಲ್ಲ. ದಾಟುತ್ತದೆ, ವಾಪಸ್ ಬರುತ್ತದೆ, ಮತ್ತೆ ದಾಟುತ್ತದೆ. ಗಾಮಾವನ್ನು 45 ಪಟ್ಟು ಹೆಚ್ಚಿಸಿದ್ದಕ್ಕೆ ಸಿಕ್ಕ ಲಾಭ 49ರಿಂದ 38.

ಹಾಗಾದರೆ ಎಲ್ಲಿ ನಿಲ್ಲಬೇಕು? ಗಾಮಾ ಸಣ್ಣದಿದ್ದಾಗ ರಿಯಲ್ ಮೂಲ ನಿಧಾನ, ದೊಡ್ಡದಾದಾಗ ಕಾಂಪ್ಲೆಕ್ಸ್ ಜೋಡಿ ನಿಧಾನ. ಮೂರೂ ಮೂಲಗಳ ರಿಯಲ್ ಭಾಗ ಸಮ ಆಗುವ ಜಾಗವೇ ಅತ್ಯುತ್ತಮ. ಮೂರರ ಮೊತ್ತ ಯಾವಾಗಲೂ −1, ಆದ್ದರಿಂದ ಅದು −1/3. `s = −1/3` ಹಾಕಿದರೆ `μ = 7/27`, ಅಂದರೆ ಸುಮಾರು 0.26, ಗಾಮಾ 0.13. ಟೈಮ್ ಕಾನ್‌ಸ್ಟಂಟ್ 3 ಸೆಕೆಂಡ್, ಇದಕ್ಕಿಂತ ಬೇಗ ಈ ವ್ಯವಸ್ಥೆಯಲ್ಲಿ ಸಾಧ್ಯವೇ ಇಲ್ಲ. ಸ್ಥಿರತೆಯ ಮಿತಿಯ ಕಾಲು ಭಾಗದಷ್ಟು ಅಂತ ನೆನಪಿಟ್ಟುಕೊಳ್ಳಬಹುದು. ಬೇರೆ `G`ಗೆ ಈ ಕಾಲು ಬದಲಾಗುತ್ತದೆ, ಆದರೆ ಮಧ್ಯದಲ್ಲೆಲ್ಲೋ ಒಂದು ಒಳ್ಳೆಯ ಜಾಗ ಇರುತ್ತದೆ ಅನ್ನೋದು ಬದಲಾಗೋದಿಲ್ಲ.

ಲ್ಯಾಪ್‌ಟಾಪಿನಲ್ಲಿ ನೋಡಬೇಕು ಅನ್ನೋರಿಗೆ ಪೈಥಾನ್ ಇಲ್ಲಿದೆ. ಯಾವ ಲೈಬ್ರರಿಯೂ ಬೇಡ.

```python
k, k0, u0, g = 2.0, 1.0, 1.0, 0.1
dt, T = 0.01, 100.0
y = v = ym = vm = th = 0.0
for n in range(int(T/dt)):
    e = y - ym
    a = k*th*u0 - v - y
    am = k0*u0 - vm - ym
    th += dt*(-g*ym*e)
    v += dt*a
    vm += dt*am
    y += dt*v
    ym += dt*vm
    if n % 200 == 0:
        print(round(n*dt), round(th, 3), round(e, 3))
```

`g`ಯನ್ನು 0.01, 0.1, 0.45 ಮಾಡಿ ಮೂರು ಸಲ ಓಡಿಸಿ. ನೋಡಬೇಕಾದದ್ದು `y`ಯನ್ನಲ್ಲ, `th`ವನ್ನು. ಅದು 0.5ಕ್ಕೆ ಬಂದು ಸುಮ್ಮನಾಗಬೇಕು. 0.5ರ ಆಚೆ ಈಚೆ ಆರೂವರೆ ಸೆಕೆಂಡಿಗೊಮ್ಮೆ ತೂಗುತ್ತಾ ಇದ್ದರೆ ಗಾಮಾ ಜಾಸ್ತಿಯಾಗಿದೆ ಅಂತಲೇ ಅರ್ಥ. ಸುಮ್ಮನೆ ನಾಯ್ಸ್ ಇದ್ದರೆ ಅವಧಿ ಇಷ್ಟು ನಿಯತವಾಗಿ ಇರೋದಿಲ್ಲ.

ಆಮೇಲೆ `g = 0.1`ಕ್ಕೆ ವಾಪಸ್ ಬಂದು, `u0`ವನ್ನು ಮಾತ್ರ 3 ಮಾಡಿ. ಈಗಷ್ಟೇ ತುಂಬಾ ಚೆನ್ನಾಗಿದೆ ಅಂದ ಗಾಮಾ ಅದು. ಓಡಿಸಿದರೆ ಸಂಖ್ಯೆಗಳು ಐದು ಸೆಕೆಂಡಿನೊಳಗೆ ದುಪ್ಪಟ್ಟಾಗುತ್ತಾ ಆಕಾಶಕ್ಕೆ ಹೋಗುತ್ತವೆ. ಕಾರಣ `μ`ದ ಸೂತ್ರದಲ್ಲೇ ಇದೆ: `u0` ವರ್ಗ. `0.1 × 2 × 1 × 9 = 1.8`, ಗೆರೆ ದಾಟಿತು. ಆಜ್ಞೆ ಮೂರು ಪಟ್ಟಾದರೆ ಅಡಾಪ್ಟೇಶನ್ ಒಂಬತ್ತು ಪಟ್ಟು ಜೋರಾಗುತ್ತದೆ. ಒಂದು `ym` ಸೂತ್ರದಲ್ಲಿ ನೇರವಾಗಿ ಕೂತಿದೆ, ಇನ್ನೊಂದು ಸಲ ಆಜ್ಞೆ `θ`ದ ಜೊತೆ ಗುಣಿಸಿಕೊಂಡು ಪ್ಲಾಂಟಿನ ಮೂಲಕ `e`ಗೆ ಬರುತ್ತದೆ.

ಇದು ಬರೀ ಪರೀಕ್ಷೆಯ ಲೆಕ್ಕ ಅಲ್ಲ. ಸಣ್ಣ ಆಜ್ಞೆ ಕೊಟ್ಟು ಟೆಸ್ಟ್ ಮಾಡಿ, ಎಲ್ಲ ಚೆನ್ನಾಗಿದೆ ಅಂತ ಟಿಕ್ ಹಾಕಿ, ಆಮೇಲೆ ದೊಡ್ಡ ಆಜ್ಞೆ ಬಂದ ದಿನ ಕೈಕೊಡುವ ಯಂತ್ರ ಇದು. ಮಾಮೂಲಿ ಲೀನಿಯರ್ ಕಂಟ್ರೋಲರ್‌ನಲ್ಲಿ ಹೀಗಾಗೋದಿಲ್ಲ, ಅಲ್ಲಿ ಸ್ಥಿರತೆ ಆಜ್ಞೆಯ ಎತ್ತರವನ್ನು ಕೇಳೋದಿಲ್ಲ.

ಗೇನ್ ತಾನೇ ಹೊಂದಿಸಿಕೊಳ್ಳುವ ವಿಮಾನಗಳ ಕಥೆಯಲ್ಲಿ ಒಂದು ಸಾವೂ ಇದೆ. 1967ರ ನವೆಂಬರ್ 15ರಂದು ನಾಸಾದ ಮೂರನೇ ಎಕ್ಸ್-15 ವಿಮಾನ ಬಿದ್ದು ಪೈಲಟ್ ಮೈಕೆಲ್ ಆಡಮ್ಸ್ ತೀರಿಕೊಂಡರು. ಅದರಲ್ಲಿ ಇದ್ದದ್ದು ಹನಿವೆಲ್‌ನ ಎಂಎಚ್-96 ಅಡಾಪ್ಟಿವ್ ವ್ಯವಸ್ಥೆ. ಅದು ಎಂಐಟಿ ರೂಲ್ ಅಲ್ಲ, ಅದರ ವಿಧಾನವೇ ಬೇರೆ: ಗೇನ್ ಅನ್ನು ಆದಷ್ಟು ಮೇಲೆ ಇಟ್ಟು, ಸಣ್ಣ ಕಂಪನ ಕಾಣಿಸಿಕೊಂಡಾಗ ಇಳಿಸುವುದು. ಅಪಘಾತಕ್ಕೆ ಕಾರಣಗಳೂ ಒಂದಲ್ಲ, ವಿದ್ಯುತ್ ಗೊಂದಲ ಇತ್ತು, ವಿಮಾನ ದಿಕ್ಕು ತಪ್ಪಿ ಸ್ಪಿನ್‌ಗೂ ಹೋಗಿತ್ತು. ಆದರೆ ಸ್ಪಿನ್‌ನಿಂದ ಹೊರಬಂದ ಮೇಲೆ ಕಂಟ್ರೋಲ್ ವ್ಯವಸ್ಥೆ ತಾನೇ ತೂಗಾಡಲು ಶುರುಮಾಡಿತು, ಗೇನ್ ಇಳಿಯಬೇಕಾದಷ್ಟು ಇಳಿಯಲಿಲ್ಲ, ವಿಮಾನ ಗಾಳಿಯಲ್ಲೇ ಮುರಿಯಿತು. ಗೇನ್ ಮೇಲಿದ್ದಾಗ ಬರುವ ತೂಗಾಟ ಗ್ರಾಫಿನಲ್ಲಿ ಒಂದು ಸುಂದರ ಅಲೆ. ಪೈಲಟ್ ಸೀಟಿನಲ್ಲಿ ಅದು ಬೇರೆ.

ಆಜ್ಞೆಯ ವರ್ಗದ ತೊಂದರೆಗೆ ಪರಿಹಾರ ಸುಲಭ. ಸೂತ್ರವನ್ನು `ym²`ದಿಂದ ಭಾಗಿಸಿಬಿಡುವುದು:

```
dθ/dt = −γ · ym · e / (α + ym²)
```

`α` ಇರೋದು `ym` ಸೊನ್ನೆ ಆದಾಗ ಸೊನ್ನೆಯಿಂದ ಭಾಗಿಸದಿರಲಿ ಅಂತ. `α = 1`, `γ = 0.1` ಇಟ್ಟರೆ `u0 = 1`ಕ್ಕೆ `μ = 0.1`, `u0 = 3`ಕ್ಕೆ 0.18, `u0 = 10` ಕೊಟ್ಟರೂ 0.198. ಎಷ್ಟೇ ದೊಡ್ಡ ಆಜ್ಞೆ ಬರಲಿ 0.2 ದಾಟೋದಿಲ್ಲ. ಇದಕ್ಕೆ ನಾರ್ಮಲೈಸ್ಡ್ ಎಂಐಟಿ ರೂಲ್ ಅಂತಾರೆ. ಮೇಲಿನ ಪ್ರೋಗ್ರಾಮಿನಲ್ಲಿ `th` ಸಾಲಿಗೆ `/(1 + ym*ym)` ಸೇರಿಸಿದರೆ ಆಯ್ತು.

ಆದರೆ `μ`ದಲ್ಲಿ `k` ಇನ್ನೂ ಇದೆ, ಮತ್ತು `k` ಗೊತ್ತಿಲ್ಲ ಅಂತಲೇ ಇಷ್ಟೆಲ್ಲ ಶುರುಮಾಡಿದ್ದು. ಹಾಗಾಗಿ `k` ಎಷ್ಟು ಅಂತ ಗೊತ್ತಿಲ್ಲದಿದ್ದರೂ ಎಷ್ಟಕ್ಕಿಂತ ಹೆಚ್ಚಾಗೋದಿಲ್ಲ ಅನ್ನೋದಾದರೂ ಗೊತ್ತಿರಬೇಕು. `k` ಹೆಚ್ಚೆಂದರೆ 4, ಆಜ್ಞೆ ಹೆಚ್ಚೆಂದರೆ 3 ಅಂತ ಇಟ್ಟುಕೊಳ್ಳಿ. ಸಾದಾ ಸೂತ್ರದಲ್ಲಿ ಆ ಕೆಟ್ಟ ಸಂದರ್ಭಕ್ಕೆ `μ = 36γ`. ಅದು 0.26 ಆಗಬೇಕಾದರೆ ಗಾಮಾ 0.0072. ಈ ಗಾಮಾದಲ್ಲಿ `k = 2`, `u0 = 1` ಇರುವ ಮಾಮೂಲಿ ದಿನ ಕಲಿಯೋಕೆ ಸುಮಾರು 68 ಸೆಕೆಂಡಿನ ಟೈಮ್ ಕಾನ್‌ಸ್ಟಂಟ್. ಭಾಗಿಸಿದ ಸೂತ್ರದಲ್ಲಿ ಅದೇ ಕೆಟ್ಟ ಸಂದರ್ಭಕ್ಕೆ `μ = 3.6γ`, ಗಾಮಾ 0.072 ಇಡಬಹುದು, ಮಾಮೂಲಿ ದಿನ 13 ಸೆಕೆಂಡ್. ಸುರಕ್ಷತೆ ಅಷ್ಟೇ, ಕಲಿಕೆ ಐದು ಪಟ್ಟು ಬೇಗ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. `G` ಎರಡನೇ ಆರ್ಡರ್ ಆಗಿದ್ದಕ್ಕೆ ತಾನೇ ಈ ಮಿತಿ ಬಂದದ್ದು? `G = 1/(s+1)` ಆಗಿದ್ದರೆ ಸಮೀಕರಣ `s² + s + μ = 0`, ಇದು ಯಾವ ಧನ `μ`ಗೂ ಸ್ಥಿರ. 1966ರಲ್ಲಿ ಪಾರ್ಕ್ಸ್ ಅವರು ಲ್ಯಾಪುನೋವ್ ವಿಧಾನದಿಂದ ಎಂಐಟಿ ರೂಲ್ ಅನ್ನು ಹೊಸದಾಗಿ ಕಟ್ಟಿ, ಇಂಥ ಸಿಸ್ಟಮ್‌ಗಳಿಗೆ ಸ್ಥಿರತೆಯ ಸಾಧನೆಯನ್ನೂ ಕೊಟ್ಟರು. ಹಾಗಾದರೆ ಮೊದಲ ಆರ್ಡರ್ ಪ್ಲಾಂಟಿಗೆ ಗಾಮಾ ನೂರು ಇಡಬಹುದಾ?

ಕಾಗದದ ಮೇಲೆ ಇಡಬಹುದು. ಲ್ಯಾಬಿನ ಮೋಟರ್ ಮೇಲೆ ಇಡೋಕಾಗಲ್ಲ, ಯಾಕೆಂದರೆ ಮೊದಲ ಆರ್ಡರ್ ಮೋಟರ್ ಅನ್ನೋದು ಎಲ್ಲೂ ಇಲ್ಲ. ಆರ್ಮೇಚರ್ ಇಂಡಕ್ಟನ್ಸ್ ಇದೆ, ಡ್ರೈವರ್ ತಡ ಇದೆ, ಸೆನ್ಸರ್ ಫಿಲ್ಟರ್ ಇದೆ. ಇವೆಲ್ಲ ಸೇರಿ 0.1 ಸೆಕೆಂಡಿನ ಒಂದು ಸಣ್ಣ ತಡ ಅಂತ ಇಟ್ಟರೂ ನಿಜವಾದ ಸಮೀಕರಣ `s(s+1)(0.1s+1) + μ = 0`. ರೌತ್ ಹಾಕಿ ನೋಡಿ, `μ` 11 ದಾಟಬಾರದು. ಅನಂತ ಅಂದುಕೊಂಡ ಮಿತಿ 11ಕ್ಕೆ ಇಳಿಯಿತು, ಅದೂ ನಾವು ಮಾಡೆಲ್‌ನಲ್ಲಿ ಬರೆಯದೇ ಬಿಟ್ಟ ಒಂದು ತಡದಿಂದ. ರೋರ್ಸ್ ಮತ್ತು ಸಂಗಡಿಗರು 1985ರ ಪ್ರಬಂಧದಲ್ಲಿ ಇದನ್ನೇ ದೊಡ್ಡದಾಗಿ ತೋರಿಸಿದರು. ಸ್ಥಿರ ಅಂತ ಸಾಧಿಸಿದ್ದ ಅಡಾಪ್ಟಿವ್ ಕಂಟ್ರೋಲರ್‌ಗಳು, ಪ್ಲಾಂಟಿನಲ್ಲಿ ಲೆಕ್ಕಕ್ಕೆ ಸೇರಿಸದ ವೇಗದ ಡೈನಮಿಕ್ಸ್ ಇದ್ದಾಗ ಹೇಗೆ ಕೆಡುತ್ತವೆ ಅಂತ. ಅವರ ಉದಾಹರಣೆಯ ಪ್ಲಾಂಟ್ ಕೂಡ ಮೇಲ್ನೋಟಕ್ಕೆ ಪಾಪದ ಮೊದಲ ಆರ್ಡರ್ `2/(s+1)`, ಅದರ ಹಿಂದೆ ಅಡಗಿ ಕೂತದ್ದು `229/(s²+30s+229)`.